ಮೂಲ, ಶೃಂಗ, ಛೇದಬಿಂದುಗಳಿಂದ ಪರವಲಯ ಬಿಡಿಸುವುದು

ಪ್ರಶ್ನೆ: y = 2x² − 4x − 6 ರ ನಕ್ಷೆಯನ್ನು ದೊಡ್ಡ ಕೋಷ್ಟಕ ಮಾಡದೆ ಬಿಡಿಸುವುದು ಹೇಗೆ?

ಉತ್ತರ: ಐದು ಬಿಂದುಗಳು ಸಾಕು. ಮೊದಲು ಮೂಲಗಳನ್ನು ಹುಡುಕಿ. 2x² − 4x − 6 = 0 ಎಂದಿಟ್ಟು 2 ರಿಂದ ಭಾಗಿಸಿದರೆ (x − 3)(x + 1) = 0 ಸಿಗುತ್ತದೆ. ಹಾಗಾಗಿ ವಕ್ರರೇಖೆ x-ಅಕ್ಷವನ್ನು (−1, 0) ಮತ್ತು (3, 0) ರಲ್ಲಿ ದಾಟುತ್ತದೆ.

ಪರವಲಯದ ಎರಡು ಬದಿಗಳೂ ಒಂದೇ ಥರ ಇರುವುದರಿಂದ ಶೃಂಗದ x ಬೆಲೆ ಮೂಲಗಳ ನಟ್ಟನಡುವೆ, ಅಂದರೆ x = 1 ರಲ್ಲಿ ಇರುತ್ತದೆ. ಬಹಳ ವಿದ್ಯಾರ್ಥಿಗಳು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಭಾಗಿಸಿ ಚಿಕ್ಕದಾದ x² − 2x − 3 ರಲ್ಲಿ x = 1 ಹಾಕಿ −4 ಎನ್ನುತ್ತಾರೆ. ಭಾಗಿಸಿದರೆ ಮೂಲಗಳು ಬದಲಾಗುವುದಿಲ್ಲ, ಆದರೆ ಎತ್ತರ ಬದಲಾಗುತ್ತದೆ. ಮೊದಲು ಕೊಟ್ಟ ಸಮೀಕರಣದಲ್ಲೇ ಹಾಕಿ: 2 − 4 − 6 = −8. ಶೃಂಗ (1, −8).

x = 0 ಆದಾಗ y = −6, ಆದ್ದರಿಂದ (0, −6) y-ಅಕ್ಷದ ಮೇಲಿನ ಬಿಂದು. ಇದು x = 1 ರ ಗೆರೆಯಿಂದ ಒಂದು ಮಾನ ಎಡಕ್ಕಿದೆ. ಅಷ್ಟೇ ಬಲಕ್ಕೆ (2, −6) ಲೆಕ್ಕವಿಲ್ಲದೆ ಸಿಕ್ಕಿತು! ಶೃಂಗದಲ್ಲಿ −4 ಬರೆದಿದ್ದರೆ ತಪ್ಪು ಇಲ್ಲೇ ಬಯಲಾಗುತ್ತದೆ, ಮೇಲಕ್ಕೆ ತೆರೆದ ಪರವಲಯದ ಯಾವ ಬಿಂದುವೂ ಶೃಂಗಕ್ಕಿಂತ ಕೆಳಗಿರಲಾರದು.

ಈಗ ಐದನ್ನೂ ನುಣುಪಾಗಿ ಸೇರಿಸಿ. ಶೃಂಗದಲ್ಲಿ V ಆಕಾರದ ಮೂಲೆ ಬರಬಾರದು, ಅಲ್ಲಿ ರೇಖೆ ದುಂಡಗೆ ತಿರುಗಬೇಕು.

y = x² − 2x + 5 ರಂತೆ ವಾಸ್ತವ ಮೂಲಗಳೇ ಇಲ್ಲದಿದ್ದರೆ ಶೃಂಗದ x ಬೆಲೆಗೆ x = −b/(2a) ಬಳಸಿ; a ಎಂದರೆ x² ರ ಗುಣಾಂಕ, b ಎಂದರೆ x ರ ಗುಣಾಂಕ. ಶೃಂಗ (1, 4), ಜೊತೆಗೆ (0, 5) ಮತ್ತು (2, 5).