ಚೀನೀ ಭಾಷೆಗೆ ತಿರುಗಿದ ಇಯರ್‌ಬಡ್ಸ್

"ನನ್ನ ಇಯರ್‌ಬಡ್ಸ್ ಇದ್ದಕ್ಕಿದ್ದಂತೆ ಚೀನೀ ಭಾಷೆಯಲ್ಲಿ ಮಾತಾಡ್ತಿದೆ. ಫೋನಿನ ಭಾಷೆ ಬದಲಿಸಿದರೂ ಸರಿಹೋಗಲಿಲ್ಲ. ಒಂದು ಬಡ್ ಕೆಂಪು-ನೀಲಿ ಮಿನುಗುತ್ತೆ, ಇನ್ನೊಂದರಲ್ಲಿ ಲೈಟೇ ಇಲ್ಲ. ಕೆಟ್ಟಿದೆಯಾ?"

ಕೆಟ್ಟಿಲ್ಲ, ಗಾಬರಿ ಬೇಡ. ಆ ಧ್ವನಿ ಬಡ್ ಒಳಗಿನ ಚಿಪ್‌ನಲ್ಲೇ ಇರುತ್ತದೆ, ಫೋನಿನಿಂದ ಬರುವುದಲ್ಲ. ಅದಕ್ಕೇ ಫೋನಿನ ಭಾಷೆ ಬದಲಿಸಿ ಪ್ರಯೋಜನವಾಗಲಿಲ್ಲ.

ಕಂಪನಿಯ ಆ್ಯಪ್ ಇದ್ದರೆ ಮೊದಲು ಅದರ ಸೆಟ್ಟಿಂಗ್ಸ್‌ನಲ್ಲಿ ಭಾಷೆ ಹುಡುಕಿ. ಆ್ಯಪ್ ಇಲ್ಲದ ಎಷ್ಟೋ ಬಡ್‌ಗಳಲ್ಲಿ ಬಟನ್‌ನಿಂದಲೇ ಭಾಷೆ ಬದಲಾಗುತ್ತದೆ, ಆದರೆ ಫೋನಿಗೆ ಜೋಡಣೆ ಆಗಿರದಾಗ ಮಾತ್ರ. ಜೋಡಣೆ ಆಗಿದ್ದಾಗ ಅದೇ ಒತ್ತುವಿಕೆಗೆ ಹಾಡು ಬದಲಾಗುತ್ತದೆ ಅಥವಾ ಕೊನೆಯ ನಂಬರಿಗೆ ಕರೆ ಹೋಗುತ್ತದೆ. ಜಾಸ್ತಿ ಜನ ಎಡವುವುದು ಇಲ್ಲೇ.

ಹಾಗಾಗಿ ಫೋನಿನ ಬ್ಲೂಟೂತ್ ಆಫ್ ಮಾಡಿ, ಎರಡೂ ಬಡ್ ಕೇಸ್‌ನಿಂದ ಹೊರತೆಗೆಯಿರಿ. ಸ್ವಲ್ಪ ಹೊತ್ತಿಗೆ ಒಂದರಲ್ಲಿ ಕೆಂಪು-ನೀಲಿ ಒಂದಾದ ಮೇಲೊಂದು ಮಿನುಗುತ್ತದೆ. ಅಂದರೆ ಅದು ಫೋನ್ ಹುಡುಕುತ್ತಿದೆ. ಇನ್ನೊಂದು ಬಡ್ ಮೊದಲನೆಯದಕ್ಕೆ ಸೇರಿಕೊಂಡು ಸುಮ್ನೆ ಇರುತ್ತದೆ, ಲೈಟ್ ಇಲ್ಲದಿರುವುದು ಸಹಜ. ಮಿನುಗುತ್ತಿರುವ ಬಡ್ ಕಿವಿಗೆ ಹಾಕಿಕೊಂಡು ಬಟನ್ ಬೇಗ ಬೇಗ ಎರಡು ಸಲ ಒತ್ತಿ. ಆಗದಿದ್ದರೆ ಮೂರು ಸಲ. ಬದಲಾದರೆ ಹೊಸ ಭಾಷೆಯ ಧ್ವನಿ ತಕ್ಷಣ ಕೇಳಿಸುತ್ತದೆ. ಆಮೇಲೆ ಬ್ಲೂಟೂತ್ ಆನ್ ಮಾಡಿ.

ಬಟನ್ ಹೆಚ್ಚು ಹೊತ್ತು ಒತ್ತಿ ಹಿಡಿಯಬೇಡಿ. ಕೆಲವು ಮಾಡೆಲ್‌ಗಳಲ್ಲಿ ಅದು ರೀಸೆಟ್ ಆಗಿ, ಫೋನಿನ ಜೋಡಣೆ ಅಳಿಸಿಹೋಗುತ್ತದೆ. ಎರಡೂ ಬಡ್ ಬೇರೆ ಬೇರೆಯಾಗಿ ಕೆಂಪು-ನೀಲಿ ಮಿನುಗುತ್ತಿದ್ದರೆ ಅವು ಪರಸ್ಪರ ಸೇರಿಲ್ಲ ಅಂತ. ಆಗ ಮೊದಲು ಕೇಸ್‌ಗೆ ಹಾಕಿ, ಮತ್ತೆ ಒಟ್ಟಿಗೇ ತೆಗೆಯಿರಿ.