1000 ಬಕೆಟ್‌ಗೆ 1000 ಕೀ ಹಾಕಿದರೆ ಎಷ್ಟು ಖಾಲಿ ಉಳಿಯಬೇಕು?

ಪ್ರಶ್ನೆ: "ನಾನೇ ಬರೆದ ಹ್ಯಾಶ್ ಟೇಬಲ್‌ನಲ್ಲಿ 1000 ಬಕೆಟ್ ಇದೆ. 1000 ಕೀ ಹಾಕಿ ನೋಡಿದೆ. 374 ಬಕೆಟ್ ಖಾಲಿ, ಒಂದರಲ್ಲಿ 6 ಕೀ ಕೂತಿದೆ. ಒಂದೊಂದಕ್ಕೆ ಒಂದೊಂದು ಬರಬೇಕಿತ್ತಲ್ವಾ? ನನ್ನ ಹ್ಯಾಶ್ ಫಂಕ್ಷನ್ ಕೆಟ್ಟಿದೆಯಾ?"

ಕೆಟ್ಟಿಲ್ಲ. ಕಣ್ಣುಮುಚ್ಚಿ 1000 ಚೆಂಡನ್ನು 1000 ಡಬ್ಬಿಗೆ ಎಸೆದರೂ ಹೆಚ್ಚುಕಡಿಮೆ ಇದೇ ಅಂಕಿ ಬರುತ್ತದೆ. ಯಾಕೆ ಅಂತ ನೋಡೋಣ, ಯಾಕೆಂದರೆ ಆ ಲೆಕ್ಕ ಗೊತ್ತಾದರೆ ಹ್ಯಾಶ್ ಫಂಕ್ಷನ್ ನಿಜವಾಗಿ ಕೆಟ್ಟಾಗ ಹಿಡಿಯುವುದಕ್ಕೂ ಬರುತ್ತದೆ.

ಮೊದಲು ಖಾಲಿ ಬಕೆಟ್. ಎಲ್ಲಾ 1000ವನ್ನೂ ಒಟ್ಟಿಗೆ ಯೋಚಿಸಬೇಡಿ, ಒಂದೇ ಒಂದು ಬಕೆಟ್ ಹಿಡಿದುಕೊಳ್ಳಿ. ಒಂದು ಕೀ ಅದರೊಳಗೆ ಬೀಳದೇ ಇರುವ ಸಂಭವನೀಯತೆ 999/1000. ಒಂದು ಕೀ ಎಲ್ಲಿ ಬಿತ್ತು ಅನ್ನುವುದು ಇನ್ನೊಂದು ಕೀಗೆ ಗೊತ್ತಿರುವುದಿಲ್ಲ. ಹಾಗಾಗಿ 1000 ಕೀಗಳೂ ಅದನ್ನು ತಪ್ಪಿಸುವ ಸಂಭವನೀಯತೆ ಸಿಗಬೇಕಾದರೆ 0.999 ಅನ್ನು ಸಾವಿರ ಸಲ ಗುಣಿಸಬೇಕು. ಉತ್ತರ 0.3677. ಅಂದರೆ 1/e ಹತ್ತಿರ. ಇಂಥ ಬಕೆಟ್ 1000 ಇವೆ, ಸರಾಸರಿ ಖಾಲಿ ಸುಮಾರು 368. ನಿಮ್ಮದು 374.

ಇಲ್ಲಿ ಒಂದು ಅನುಮಾನ ಬರುತ್ತದೆ. ಒಂದು ಬಕೆಟ್ ಖಾಲಿ ಇದ್ದರೆ ಆ ಕೀಗಳೆಲ್ಲಾ ಬೇರೆ ಕಡೆ ಹೋಗಿರಬೇಕು, ಹಾಗಿದ್ದರೆ ಬಕೆಟ್‌ಗಳು ಒಂದಕ್ಕೊಂದು ಸಂಬಂಧ ಇಲ್ಲದವು ಅಲ್ಲವಲ್ಲ, ಸುಮ್ನೆ 1000ರಿಂದ ಗುಣಿಸಿದರೆ ಸರಿಯಾಗುತ್ತದಾ? ಆಗುತ್ತದೆ. ಸರಾಸರಿಗಳನ್ನು ಕೂಡಿಸುವುದಕ್ಕೆ ಬಿಡಿ ಘಟನೆಗಳು ಸ್ವತಂತ್ರವಾಗಿರಬೇಕು ಅಂತಿಲ್ಲ. ನಂಬಿಕೆ ಬರದಿದ್ದರೆ 3 ಚೆಂಡು, 3 ಡಬ್ಬಿ ತಗೊಂಡು ಕೈಯಲ್ಲೇ ಎಣಿಸಿ. ಒಟ್ಟು 27 ರೀತಿ. 6ರಲ್ಲಿ ಯಾವ ಡಬ್ಬಿಯೂ ಖಾಲಿ ಇಲ್ಲ, 18ರಲ್ಲಿ ಒಂದು ಖಾಲಿ, 3ರಲ್ಲಿ ಎರಡು ಖಾಲಿ. ಒಟ್ಟು ಖಾಲಿ 24, ಸರಾಸರಿ 24/27, ಅಂದರೆ 8/9. ಸೂತ್ರ ಹಾಕಿ: 3 × (2/3)³, ಅದೂ 8/9.

ಆ ಪರಸ್ಪರ ಸಂಬಂಧ ಕೆಲಸ ಮಾಡುವುದು ಬೇರೆ ಕಡೆ, ಏರಿಳಿತದಲ್ಲಿ. ಒಂದು ಖಾಲಿ ಉಳಿದರೆ ಇನ್ನೊಂದು ಖಾಲಿ ಉಳಿಯುವ ಸಂಭವ ಸ್ವಲ್ಪ ತಗ್ಗುತ್ತದೆ. ಹಾಗಾಗಿ ಒಟ್ಟು ಸಂಖ್ಯೆ ಸರಾಸರಿಯಿಂದ ಜಾಸ್ತಿ ದೂರ ಹೋಗುವುದಿಲ್ಲ. ಬಕೆಟ್‌ಗಳು ಸ್ವತಂತ್ರವಾಗಿದ್ದರೆ ಸ್ಟ್ಯಾಂಡರ್ಡ್ ಡೀವಿಯೇಶನ್ 15ರ ಹತ್ತಿರ ಇರುತ್ತಿತ್ತು. ನಿಜಕ್ಕೂ ಅದು ಸುಮಾರು 10. ಅಂದರೆ ಪ್ರತಿ ಸಲವೂ ಖಾಲಿ ಬಕೆಟ್ ಬಹುಪಾಲು 348ರಿಂದ 388ರ ಒಳಗೇ ಇರುತ್ತದೆ.

ಈಗ ಆ 6. ಒಂದು ಬಕೆಟ್‌ಗೆ ಸರಿಯಾಗಿ k ಕೀ ಬೀಳುವ ಸಂಭವನೀಯತೆ ಹೆಚ್ಚುಕಡಿಮೆ 0.368 ಭಾಗಿಸು k!. 1000ರಿಂದ ಗುಣಿಸಿದರೆ ಇಡೀ ಟೇಬಲ್‌ನ ಚಿತ್ರ ಸಿಗುತ್ತದೆ. ಖಾಲಿ ಇರುವವು 368, ಒಂದು ಕೀ ಇರುವವೂ 368. ಎರಡು ಇರುವವು 184, ಮೂರು ಇರುವವು 61, ನಾಲ್ಕು ಇರುವವು 15, ಐದು ಇರುವವು 3. ಆರು ಇರುವವು ಸರಾಸರಿ ಅರ್ಧ ಬಕೆಟ್, ಏಳು ಇರುವವು 0.07. ಈ ಸಾಲು 1ಕ್ಕಿಂತ ಕೆಳಗೆ ಇಳಿಯುವ ಜಾಗದಲ್ಲೇ ಗರಿಷ್ಠ ನಿಲ್ಲುತ್ತದೆ. ನಿಮ್ಮ ವಿಷಯದಲ್ಲಿ ಅದು 5 ಅಥವಾ 6. ಸುಮಾರು ಅರ್ಧದಷ್ಟು ಸಲ 5 ಬರುತ್ತದೆ, ಮೂರರಲ್ಲಿ ಒಂದು ಸಲಕ್ಕಿಂತ ಸ್ವಲ್ಪ ಜಾಸ್ತಿ 6 ಬರುತ್ತದೆ. 7 ಅಥವಾ ಅದಕ್ಕೂ ಮೇಲೆ ಹೋಗುವುದು ನೂರಕ್ಕೆ ಏಳೆಂಟು ಸಲ.

ಪುಸ್ತಕಗಳಲ್ಲಿ ಗರಿಷ್ಠ ಹೊರೆಗೆ ln n / ln ln n ಅಂತ ಇರುತ್ತದೆ. ತಪ್ಪಲ್ಲ, ಆದರೆ ಅದು n ಅನಂತದ ಕಡೆ ಹೋದಾಗ ಹಿಡಿಯುವ ಮಾತು, ಅದೂ ತುಂಬಾ ನಿಧಾನವಾಗಿ. n = 1000ಕ್ಕೆ ಅದು 3.6 ಕೊಡುತ್ತದೆ, ನಿಜ 5–6. ಹತ್ತು ಲಕ್ಷಕ್ಕೆ 5.3 ಕೊಡುತ್ತದೆ, ನಿಜ 8–9. ಗರಿಷ್ಠ ಎಷ್ಟು ನಿಧಾನವಾಗಿ ಬೆಳೆಯುತ್ತದೆ ಅಂತ ತಿಳಿಯುವುದಕ್ಕೆ ಅದನ್ನು ಇಟ್ಟುಕೊಳ್ಳಿ. ಟೇಬಲ್ ಪರೀಕ್ಷೆ ಮಾಡುವಾಗ ಮೇಲಿನ ಫ್ಯಾಕ್ಟೋರಿಯಲ್ ಸಾಲನ್ನೇ ನಂಬಿ. k! ಅಷ್ಟು ಜೋರಾಗಿ ಏರುವುದರಿಂದಲೇ ಕೀಗಳೂ ಬಕೆಟ್‌ಗಳೂ ಸಾವಿರ ಪಟ್ಟು ಹೆಚ್ಚಿದರೂ ಗರಿಷ್ಠ ಬರೀ ಮೂರು ಮೆಟ್ಟಿಲು ಮೇಲೆ ಹೋಗುವುದು.

ಹೋಲಿಸಿ ನೋಡುವುದಕ್ಕೆ ಇಷ್ಟು ಸಾಕು:

```python
import random
n = 1000
c = [0] * n
for _ in range(n):
    c[random.randrange(n)] += 1
print(c.count(0), max(c))
```

ಇದನ್ನು ಕೆಲವು ಸಲ ಓಡಿಸಿ. ಆಮೇಲೆ `random.randrange(n)` ಜಾಗದಲ್ಲಿ ನಿಮ್ಮ ಕೀಗಳ ಹ್ಯಾಶ್ ಹಾಕಿ ನೋಡಿ.

ಎರಡು ಅಂಕಿಯಲ್ಲಿ ಯಾವುದನ್ನು ನಂಬಬೇಕು? ಎಲ್ಲರ ಕಣ್ಣೂ ಗರಿಷ್ಠದ ಮೇಲೆ ಬೀಳುತ್ತದೆ. ಆದರೆ ಒಂದೇ ಟೇಬಲ್ ನೋಡಿ ಹೇಳಬೇಕಾದರೆ ಖಾಲಿ ಬಕೆಟ್ ಎಣಿಸುವುದೇ ಮೇಲು ಅಂತ ನನ್ನ ಅಭಿಪ್ರಾಯ. ನಿಮ್ಮ ಫಂಕ್ಷನ್ ಯಾವುದೋ ಕಾರಣಕ್ಕೆ 100 ಬಕೆಟ್‌ಗಳನ್ನು ಮುಟ್ಟುವುದೇ ಇಲ್ಲ ಅಂದುಕೊಳ್ಳಿ. 1000 ಕೀಗಳೂ ಉಳಿದ 900ರಲ್ಲಿ ಬೀಳುತ್ತವೆ. ಗರಿಷ್ಠ ಆಗಲೂ 5 ಅಥವಾ 6 ಇರುತ್ತದೆ, ನಿಮಗೆ ಏನೂ ಗೊತ್ತಾಗುವುದಿಲ್ಲ. ಖಾಲಿ ಬಕೆಟ್ ಮಾತ್ರ ಸರಾಸರಿ 396ಕ್ಕೆ ಏರುತ್ತದೆ. 368ರಿಂದ 28 ದೂರ, ಅಂದರೆ ಸುಮಾರು ಮೂರು ಸ್ಟ್ಯಾಂಡರ್ಡ್ ಡೀವಿಯೇಶನ್. ಅಲ್ಲಿ ಹುಳುಕು ಎದ್ದು ಕಾಣುತ್ತದೆ.

ಖಾಲಿ ತೀರಾ ಕಡಿಮೆ ಇದ್ದರೂ ಗಮನಿಸಿ. ಕೀಗಳು 1, 2, 3 ಅಂತ ಸಾಲಾಗಿ ಬರುವ ನಂಬರ್‌ಗಳಾಗಿದ್ದು, ಹ್ಯಾಶ್ ಬರೀ `key % 1000` ಆಗಿದ್ದರೆ ಒಂದೂ ಖಾಲಿ ಇರುವುದಿಲ್ಲ, ಗರಿಷ್ಠ 1. ಚೆನ್ನಾಗಿದೆ ಅನಿಸುತ್ತದೆ. ಆದರೆ ನಾಳೆ ಆ ನಂಬರ್‌ಗಳು 10, 20, 30 ಅಂತ ಹತ್ತರ ಲೆಕ್ಕದಲ್ಲಿ ಬರಲಿ, 100 ಬಕೆಟ್ ಮಾತ್ರ ಬಳಕೆಯಾಗಿ ಪ್ರತಿಯೊಂದರಲ್ಲೂ 10 ಕೂರುತ್ತವೆ, 900 ಖಾಲಿ. 10 ಮತ್ತು 1000ಕ್ಕೆ ಸಾಮಾನ್ಯ ಅಪವರ್ತನ ಇರುವುದೇ ಕಾರಣ. ಬಕೆಟ್ ಸಂಖ್ಯೆಯನ್ನು 1009ರಂಥ ಅವಿಭಾಜ್ಯ ಸಂಖ್ಯೆ ಮಾಡಿದರೆ ಈ ತೊಂದರೆ ಹೋಗುತ್ತದೆ.

ಇನ್ನು ಒಂದು ಬಕೆಟ್‌ನಲ್ಲಿ 6 ಇರುವುದೇ ನಿಮಗೆ ಜಾಸ್ತಿ ಅನಿಸಿದರೆ ಹ್ಯಾಶ್ ಫಂಕ್ಷನ್ ತಿದ್ದಿ ಪ್ರಯೋಜನವಿಲ್ಲ, ಹಾಕುವ ಕ್ರಮ ಬದಲಿಸಬೇಕು. ಪ್ರತಿ ಕೀಗೆ ಎರಡು ಬೇರೆ ಬೇರೆ ಹ್ಯಾಶ್‌ನಿಂದ ಎರಡು ಬಕೆಟ್ ಆರಿಸಿ. ಎರಡರಲ್ಲಿ ಯಾವುದರಲ್ಲಿ ಕಡಿಮೆ ಇದೆಯೋ ಅಲ್ಲಿ ಹಾಕಿ. ಆಗ ಗರಿಷ್ಠ ln ln n / ln 2 ರ ಆಸುಪಾಸಿನಲ್ಲಿ ನಿಲ್ಲುತ್ತದೆ ಅಂತ ಅಜರ್, ಬ್ರೋಡರ್, ಕಾರ್ಲಿನ್ ಮತ್ತು ಉಪ್‌ಫಾಲ್ 1994ರಲ್ಲಿ ತೋರಿಸಿಕೊಟ್ಟರು. 1000ಕ್ಕೆ 1000 ಹಾಕಿದರೆ ಮೂರು ಅಥವಾ ಜಾಸ್ತಿ ಇರುವ ಬಕೆಟ್ ಸುಮಾರು 9 ಸಿಗುತ್ತವೆ, ನಾಲ್ಕು ಇರುವುದು ನೂರಕ್ಕೆ ಒಂದು ಸಲ ಸಿಕ್ಕರೆ ಹೆಚ್ಚು. ಖಾಲಿಯೂ 368ರಿಂದ 238ರ ಹತ್ತಿರಕ್ಕೆ ಇಳಿಯುತ್ತದೆ. ಇದಕ್ಕೆ ಪ್ರತಿಯಾಗಿ ಕೀ ಹುಡುಕುವಾಗ ಎರಡೂ ಬಕೆಟ್ ತೆರೆದು ನೋಡಬೇಕಾಗುತ್ತದೆ.