ಹಳೆ ಮನೆಯ ಬಾಗಿಲಲ್ಲಿ ತಾಳ ಎಡವಿದ್ದೇಕೆ?

ಪ್ರಶ್ನೆ: ನಾನು ಭಾವಗೀತೆ ಬರೆಯುತ್ತೇನೆ. ‘ಮಳೆಯು ನಿಂತ ಸಂಜೆಯಲ್ಲಿ / ಹಳೆ ಮನೆಯ ಬಾಗಿಲ ಬದಿಗೆ’ ಎಂಬ ಸಾಲುಗಳಿಗೆ ಗೆಳೆಯರೊಬ್ಬರು ದಾದ್ರಾ ತಾಳದಲ್ಲಿ ರಾಗ ಸಂಯೋಜಿಸಿದ್ದಾರೆ. ಎರಡು ಸಾಲಿಗೂ 12 ಮಾತ್ರೆ, ಎಣಿಸಿದ್ದೇನೆ. ಓದುವಾಗ ಎರಡನೆಯ ಸಾಲೇ ನನಗೆ ಹೆಚ್ಚು ಇಷ್ಟ. ಹಾಡಿದಾಗ ಅದೇ ಎಡವುತ್ತದೆ. ತಪ್ಪು ಸಾಲಿನದೋ, ರಾಗದ್ದೋ?
– ಹಾಸನದ ಓದುಗರು

ಉತ್ತರ: ನಿಮ್ಮ ಎಣಿಕೆ ಸರಿಯಾಗಿದೆ. ಆದರೆ ತಾಳಕ್ಕೆ ಒಟ್ಟು ಮೊತ್ತ ಬೇಕಿಲ್ಲ. ಪೆಟ್ಟು ಬೀಳುವ ಜಾಗದಲ್ಲಿ ಏನಿದೆ ಎಂಬುದಷ್ಟೇ ಬೇಕು. ದಾದ್ರಾ ಎಂದರೆ ‘ಧಾ ಧಿ ನಾ, ಧಾ ತಿ ನಾ’, ಮೂರು ಮೂರು ಮಾತ್ರೆಗಳ ನಡೆ, ಪ್ರತಿ ಮೂರರ ಮೊದಲಲ್ಲಿ ಪೆಟ್ಟು. ನಿಮ್ಮ ಎರಡು ಸಾಲುಗಳನ್ನು ಆ ಮೂರರ ಚೌಕಟ್ಟಿಗೆ ಹಾಕಿ ನೋಡಿ:

ಮಳೆಯು | ನಿಂತ | ಸಂಜೆ | ಯಲ್ಲಿ
ಹಳೆಮ | ನೆಯಬಾ | ಆಗಿಲ | ಬದಿಗೆ

ಎರಡನೆಯ ಸಾಲನ್ನು ಹೀಗೆ ಒಡೆದು ಬರೆದರೆ ಅದನ್ನು ಕನ್ನಡವೆಂದು ಗುರುತಿಸುವುದೇ ಕಷ್ಟ. ಕೇಳುಗರ ಕಿವಿಗೆ ತಲುಪಿದ್ದೂ ಇದೇ.

ಇದರ ಬೇರು ನಮ್ಮ ಮಾತಿನಲ್ಲಿದೆ. ಇಂಗ್ಲಿಷಿನಲ್ಲಿ ಒತ್ತು ಯಾವ ಅಕ್ಷರದ ಮೇಲೆ ಬೀಳುತ್ತದೆ ಎಂಬುದರಿಂದ ಪದದ ಅರ್ಥವೇ ಬದಲಾಗಬಹುದು. ‘ರೆಕಾರ್ಡ್’ ನಾಮಪದವಾದಾಗ ಮೊದಲ ಭಾಗಕ್ಕೆ ಒತ್ತು, ಕ್ರಿಯಾಪದವಾದಾಗ ಎರಡನೆಯದಕ್ಕೆ. ಕನ್ನಡದಲ್ಲಿ ಒತ್ತಿಗೆ ಅಂಥ ಅಧಿಕಾರವಿಲ್ಲ. ನಾವು ಪದದ ಮೊದಲ ಅಕ್ಷರವನ್ನು ತುಸು ಎತ್ತಿ ಹೇಳುತ್ತೇವೆ, ಕೊನೆಯ ಪ್ರತ್ಯಯದ ಹೊತ್ತಿಗೆ ದನಿ ಇಳಿದಿರುತ್ತದೆ. ಈ ಎತ್ತು ಎಷ್ಟು ಮೆದುವೆಂದರೆ ಅದು ಇದೆಯೆಂದೇ ನಮಗೆ ತಿಳಿಯುವುದಿಲ್ಲ. ಆದರೆ ಹೊಸ ಪದ ಎಲ್ಲಿ ಶುರುವಾಯಿತು ಎಂದು ಕಿವಿ ಲೆಕ್ಕ ಹಾಕುವಾಗ ಅದನ್ನೂ ಆಧಾರವಾಗಿ ಹಿಡಿಯುತ್ತದೆ. ತಬಲಾದ ಪೆಟ್ಟು ಈ ಮೆದುವಾದ ಎತ್ತಿಗಿಂತ ಬಹಳ ಜೋರು. ಪೆಟ್ಟು ‘ಮನೆಯ’ ಎಂಬುದರ ‘ನೆ’ ಮೇಲೆ ಬಿದ್ದರೆ, ಕಿವಿ ‘ನೆಯ’ ಎಂಬ ಹೊಸ ಪದವನ್ನು ಹುಡುಕಲು ಹೊರಡುತ್ತದೆ.

ಪದದ ನಡುವೆ ಪೆಟ್ಟು ಬೀಳುವುದೇ ದೋಷ ಎಂದುಕೊಳ್ಳಬೇಡಿ. ‘ಸಂಜೆಯಲ್ಲಿ’ ಎಂಬುದರಲ್ಲೂ ಎರಡನೆಯ ಪೆಟ್ಟು ‘ಯ’ ಮೇಲೆ ಬೀಳುತ್ತದೆ, ಯಾರಿಗೂ ಅಡ್ಡಿಯಾಗುವುದಿಲ್ಲ. ‘ಸಂ’ ಮೊದಲೇ ಪೆಟ್ಟು ಪಡೆದಿದೆ, ಪದ ಗುರುತಾಗಿದೆ. ‘ಮನೆಯ’ ಪದಕ್ಕೆ ಹಾಗಾಗಲಿಲ್ಲ: ತಲೆ ಹಿಂದಿನ ಗುಂಪಿನ ಬಾಲದಲ್ಲಿ ಸಿಕ್ಕಿಕೊಂಡಿತು, ಪೆಟ್ಟು ಹೊಟ್ಟೆಗೆ ಬಿತ್ತು. ‘ಬಾಗಿಲ’ ಪದದ ಗತಿಯೂ ಅದೇ. ‘ಬಾ’ ದೀರ್ಘವಾದ್ದರಿಂದ ಪೆಟ್ಟು ಅದರ ನಡುವೆಯೇ ಬಿದ್ದಿದೆ.

ಹಾಗಾದರೆ ಓದುವಾಗ ಏಕೆ ಚಂದ? ಓದುವಾಗ ನೀವು ಮೂರರಲ್ಲಿ ಓದುತ್ತಲೇ ಇಲ್ಲ. ‘ಹಳೆ ಮನೆಯ’ ಎಂಬುದು ಎರಡು ಮತ್ತು ಮೂರು, ಐದರ ನಡೆ. ಆಮೇಲೆ ನಾಲ್ಕು, ಕೊನೆಗೆ ಮೂರು. ಅರ್ಥ ಬಂದಲ್ಲಿ ನಿಲ್ಲುತ್ತೀರಿ, ಹೊರಡುತ್ತೀರಿ. ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲೂ ಪದಗಳು ಮೂರು-ನಾಲ್ಕರ ಗಣಗಳನ್ನು ದಾಟಿ ಹರಿಯುತ್ತವೆ. ಗಮಕಿಗಳಿಗೆ ತಾಳದ ಕಟ್ಟಿಲ್ಲ. ಅವರು ಅರ್ಥ ನೋಡಿ ಪದ ಬಿಡಿಸಿ ವಾಚಿಸುತ್ತಾರೆ, ಅದರಿಂದ ತೊಡಕಾಗುವುದಿಲ್ಲ. ಅವೇ ಪದ್ಯಗಳಿಗೆ ಮಕ್ಕಳು ಚಪ್ಪಾಳೆ ತಟ್ಟಿ ಗಣ ಒಡೆಯುವುದನ್ನು ಕೇಳಿದ್ದೀರಲ್ಲ? ನಿಮ್ಮ ಸಾಲಿಗೆ ದಾದ್ರಾ ಮಾಡಿದ್ದೂ ಅದನ್ನೇ.

ಹಾಡುಗಾರರು ಇದನ್ನು ಹೇಗೋ ಸರಿದೂಗಿಸಲು ಮೊದಲ ‘ಹ’ವನ್ನು ಎಳೆಯುತ್ತಾರೆ. ಆಗ ಇನ್ನೊಂದು ಅಪಾಯ. ಕನ್ನಡದಲ್ಲಿ ಒತ್ತು ಅರ್ಥ ಬದಲಿಸದಿದ್ದರೂ ಎಳೆತ ಖಂಡಿತ ಬದಲಿಸುತ್ತದೆ: ‘ಹಳೆ ಮನೆ’ ‘ಹಾಳೆ ಮನೆ’ಯಾಗುತ್ತದೆ. ಸುಗ್ಗಿಯ ಹಾಡೊಂದರಲ್ಲಿ ನಾನೇ ‘ಬೆಳೆ’ಯ ಮೇಲೆ ಉದ್ದನೆಯ ಸ್ವರ ಇಟ್ಟು, ಸಭೆಯ ತುಂಬ ‘ಬೇಳೆ’ ಹಂಚಿ ನಗೆಪಾಟಲಾಗಿದ್ದೇನೆ. ಪದದ ಕೊನೆಯಲ್ಲೂ ಹಾಗೆಯೇ. ‘ಅವನು’ ಎಳೆದರೆ ‘ಅವನೂ’, ‘ಬದಿಗೆ’ ಎಳೆದರೆ ‘ಬದಿಗೇ’; ಒಂದು ಸ್ವರದಿಂದ ‘ಕೂಡ’, ‘ಮಾತ್ರ’ ಎಂಬ ಅರ್ಥಗಳು ಬಂದು ಸೇರುತ್ತವೆ. ಸಾಲಿನ ತುದಿಯಲ್ಲಿ ಇಂಥ ಎಳೆತಕ್ಕೆ ನಮ್ಮ ಕಿವಿ ಒಗ್ಗಿದೆ, ಕ್ಷಮಿಸುತ್ತದೆ. ನಡುವೆ ಕ್ಷಮಿಸುವುದಿಲ್ಲ.

ಈಗ ದುರಸ್ತಿ. ರಾಗ ಹಾಗೆಯೇ ಇರಲಿ ಎಂದರೆ ಪದ ಬದಲಿಸಬೇಕು. ಮೊದಲು ಹೊಳೆಯುವುದು ‘ಹಳೆಯ ಮನೆಯ ಕದದ ಬದಿಗೆ’. ಮೂರು ಮೂರರ ಲೆಕ್ಕ ಕರಾರುವಾಕ್ಕು. ಆದರೆ ನನಗೆ ಒಪ್ಪಿಗೆಯಿಲ್ಲ. ಹನ್ನೆರಡೂ ಲಘು, ದನಿ ತಂಗಲು ಒಂದು ಗುರುವೂ ಇಲ್ಲ, ಸಾಲು ಕುದುರೆಯಂತೆ ಟಕಟಕ ಓಡುತ್ತದೆ. ಹಾಡುವವರು ತಡೆಯಲಾರದೆ ಯಾವುದೋ ಹ್ರಸ್ವವನ್ನು ಎಳೆದೇ ಎಳೆಯುತ್ತಾರೆ. ಅದಕ್ಕಿಂತ ‘ಹಳೆಯ ಮನೆಯ ಬಾಗಿಲಲ್ಲಿ’ ವಾಸಿ. ‘ಬಾ’ ಸರಿಯಾಗಿ ಪೆಟ್ಟಿನ ಮೇಲೆ ಕೂರುತ್ತದೆ, ಎಳೆಯಲೂ ಜಾಗವಿದೆ. ‘ಬದಿ’ ಹೋಯಿತು ಎಂಬ ಬೇಸರ ನಿಮಗಿರಬಹುದು, ನನಗಿಲ್ಲ.

ಪದ ಬಿಡಲಾರೆ ಎನ್ನುವುದಾದರೆ ಸಂಯೋಜಕರ ಬಳಿ ಒಂದು ದಾರಿಯಿದೆ. ಮೊದಲ ಸಾಲಿನ ನಂತರ ಒಂದು ಆವರ್ತ, ಅಂದರೆ ಆರು ಮಾತ್ರೆ, ಖಾಲಿ ಬಿಡಲಿ. ಅದರ ಕೊನೆಯ ಎರಡು ಮಾತ್ರೆಗಳಲ್ಲಿ ‘ಹಳೆ’ ಮೆಲ್ಲನೆ ಬರಲಿ, ‘ಮನೆಯ’ ಸಮದ ಮೇಲೆ, ಅಂದರೆ ಆವರ್ತದ ಮೊದಲ ಪೆಟ್ಟಿನ ಮೇಲೆ, ಬೀಳಲಿ. ಮುಂದೆ ‘ಬಾ’ ಒಂದಕ್ಕೇ ನಾಲ್ಕು ಮಾತ್ರೆ, ‘ಗಿಲ’ಕ್ಕೆ ಎರಡು, ‘ಬದಿಗೆ’ಗೆ ಮೂರು:

– ಹಳೆ | ಮನೆಯ | ಬಾಆಆ | ಆಗಿಲ | ಬದಿಗೆ

‘ಬಾ’ ಮೊದಲೇ ದೀರ್ಘ, ಇನ್ನಷ್ಟು ಎಳೆದರೂ ಅರ್ಥ ಕೆಡದು. ‘ಹಳೆ’ಗೆ ಪೆಟ್ಟು ಸಿಗಲಿಲ್ಲ, ನಿಜ. ಆದರೆ ಅದರ ಮುಂದೆ ಮೌನವಿರುವುದರಿಂದ ಪದದ ತಲೆ ತಾನೇ ಕೇಳಿಸುತ್ತದೆ.

ಮೂರನೆಯದು ನನಗೆ ಬಹಳ ಇಷ್ಟ, ನಿಮ್ಮ ಗೆಳೆಯರಿಗೆ ಇಷ್ಟವಾಗದೆ ಇರಬಹುದು. ನಿಮ್ಮ ಕಿವಿ ಕೇಳಿದ್ದು ಐದರ ನಡೆಯನ್ನು, ಅದನ್ನೇ ನಂಬಿ:

ಮಳೆ ನಿಂತ ಸಂಜೆಯಲಿ
ಹಳೆ ಮನೆಯ ಬಾಗಿಲಲಿ

ಪ್ರತಿ ಸಾಲು ಹತ್ತು ಮಾತ್ರೆ. ಝಪ್‌ತಾಲದ ಎರಡು-ಮೂರು, ಎರಡು-ಮೂರಕ್ಕೆ ‘ಮಳೆ’, ‘ನಿಂತ’, ‘ಹಳೆ’, ‘ಮನೆಯ’ ಎಲ್ಲವೂ ತಲೆಯ ಮೇಲೆಯೇ ಪೆಟ್ಟು ಪಡೆಯುತ್ತವೆ. ‘ಮಳೆ’, ‘ಹಳೆ’ಗಳ ಪ್ರಾಸವೂ ಎದ್ದು ಕೇಳುತ್ತದೆ. ಆದರೆ ಸದ್ಯದ ರಾಗಸಂಯೋಜನೆಯನ್ನು ಪೂರ್ತಿ ಬಿಡಬೇಕಾಗುತ್ತದೆ.

ಮುಂದಿನ ಸಾರಿ ಸಾಲನ್ನು ಸಂಯೋಜಕರಿಗೆ ಕೊಡುವ ಮುಂಚೆ, ರಾಗ ಹಾಕದೆ, ತೊಡೆ ತಟ್ಟುತ್ತ ಬರಿಯ ಮಾತಿನಲ್ಲಿ ಹೇಳಿ. ಸಾಲನ್ನು ಕಾಣದ ಒಬ್ಬರು ಕೇಳಿದ್ದನ್ನು ಹಾಗೆಯೇ ಬರೆದುಕೊಳ್ಳಲಿ. ಅವರ ಕಾಗದದಲ್ಲಿ ‘ನೆಯಬಾ’ ಕಂಡರೆ ಯಾವ ಗುಂಪನ್ನು ಬಿಚ್ಚಬೇಕೆಂದು ಅಲ್ಲೇ ತಿಳಿಯುತ್ತದೆ.